ಅರ್ಧ ಕೆಲ್ಲಿ ಏಕೆ?

ನಿಮ್ಮ ಟ್ರೇಡಿಂಗ್ ಲೆಕ್ಕದಲ್ಲಿ 100 ಟ್ರೇಡ್‌ಗಳಿವೆ ಅಂದುಕೊಳ್ಳಿ. 50ರಲ್ಲಿ ಲಾಭ, ಸರಾಸರಿ 3,000 ರೂಪಾಯಿ. ಉಳಿದ 50ರಲ್ಲಿ ನಷ್ಟ, ಸರಾಸರಿ 2,000. ಬ್ರೋಕರೇಜ್, ತೆರಿಗೆ ಎಲ್ಲ ಕಳೆದ ಮೇಲಿನ ಲೆಕ್ಕ ಇದು.

ಬೆಲ್ ಲ್ಯಾಬ್ಸ್‌ನ ಜಾನ್ ಕೆಲ್ಲಿ 1956ರಲ್ಲಿ ಕೊಟ್ಟ ಸೂತ್ರವನ್ನು ಟ್ರೇಡರ್‌ಗಳು ಹೀಗೆ ಬಳಸುತ್ತಾರೆ:

f = W − (1 − W) / R

W ಗೆಲುವಿನ ಪ್ರಮಾಣ, 0.5. R ಅಂದರೆ ಸರಾಸರಿ ಲಾಭವನ್ನು ಸರಾಸರಿ ನಷ್ಟದಿಂದ ಭಾಗಿಸಿದ್ದು, 1.5. ಉತ್ತರ ಸುಮಾರು 16.7%. ಒಂದು ಲಕ್ಷ ಬಂಡವಾಳಕ್ಕೆ 16,700 ರೂಪಾಯಿ. ಇದು ಷೇರು ಕೊಳ್ಳುವ ಮೊತ್ತವಲ್ಲ, ಸ್ಟಾಪ್‌ಲಾಸ್ ತಗುಲಿದರೆ ಹೋಗುವ ಹಣ! ಸತತ ನಾಲ್ಕು ಸೋತರೆ ಬಂಡವಾಳದ ಅರ್ಧಕ್ಕಿಂತ ಹೆಚ್ಚು ಕರಗಿರುತ್ತದೆ.

ಇನ್ನೊಂದು ಪೇಚು: ಬರೀ 100 ಟ್ರೇಡ್‌ಗಳಲ್ಲಿ 50 ಗೆದ್ದವರ ನಿಜವಾದ ಪ್ರಮಾಣ 45% ಇರುವುದು ಏನೂ ಅಪರೂಪವಲ್ಲ. ಆಗ ಸೂತ್ರದ ಉತ್ತರ 8.3%ಕ್ಕೆ ಇಳಿಯುತ್ತದೆ. ನೀವು 16.7% ಹಾಕುತ್ತಿದ್ದರೆ ಅದು ಸರಿಯಾದ ಅಳತೆಯ ಎರಡು ಪಟ್ಟು. ದೀರ್ಘಾವಧಿಯಲ್ಲಿ ಬೆಳವಣಿಗೆ ಹೆಚ್ಚುಕಡಿಮೆ ಸೊನ್ನೆ, ಏರಿಳಿತ ಮಾತ್ರ ಭಯಂಕರ.

ಮೊದಲೇ ಅರ್ಧ ಹಾಕಿದ್ದರೆ? ಸರಿಯಾಗಿ ಆ 8.3%ರಲ್ಲೇ ಇರುತ್ತಿದ್ದಿರಿ. ಅಂದಾಜು 50% ನಿಜವೇ ಆಗಿದ್ದರೂ, ಅರ್ಧ ಹಾಕಿದವರಿಗೆ ಬೆಳವಣಿಗೆಯ ಮುಕ್ಕಾಲು ಭಾಗ ಸಿಗುತ್ತದೆ, ಏರಿಳಿತ ಅರ್ಧಕ್ಕೆ ಇಳಿಯುತ್ತದೆ. ಉತ್ತರ ಸೊನ್ನೆಗಿಂತ ಕೆಳಗೆ ಬಂದರೆ ಮಾತ್ರ ಅರ್ಧವೂ ಬೇಡ, ಆ ಟ್ರೇಡೇ ಬೇಡ.