ಕರೆಯುವ ಓಲೆ, ತೋರಿಸುವ ಓಲೆ: ಸೊಲ್ಲಾಪುರದ ಟವೆಲ್ ಕಾರ್ಖಾನೆಯಿಂದ ಒಂದು ವೀಸಾ ಪತ್ರ

ಗಡಿನಾಡಿನ ವ್ಯಾಪಾರಿ ಮನೆಗಳ ಭಾಷಾ ವ್ಯವಹಾರದ ಬಗ್ಗೆ ಹಿಂದಿನ ಮಾತುಗಳಲ್ಲಿ ಸಾಕಷ್ಟು ಬಂದಿದೆ. ನಾನು ಒಂದೇ ಒಂದು ಕಾಗದ ಹಿಡಿದುಕೊಂಡು ಮಾತಾಡ್ತೀನಿ. ಸೊಲ್ಲಾಪುರದಲ್ಲಿ ನಮ್ಮ ಕಾಕಾ ಅವರದು ಟೆರ್ರಿ ಟವೆಲ್ ನೇಯುವ ಕಾರ್ಖಾನೆ. ಮನೆಯಲ್ಲಿ ಕನ್ನಡ, ಕೆಲಸಗಾರರ ಜೊತೆ ತೆಲುಗು ಮತ್ತು ಮರಾಠಿ, ಹೊರದೇಶದವರಿಗೆ ಬರೆಯುವಾಗ ಇಂಗ್ಲಿಷ್. ಆ ಇಂಗ್ಲಿಷ್ ಬರೆಯುವ ಕೆಲಸ ಕಾಲೇಜಿನ ದಿನಗಳಿಂದ ನನ್ನ ಪಾಲಿಗೆ ಬಂದಿದೆ.

ಜರ್ಮನಿಯ ಒಂದು ಖರೀದಿ ಸಂಸ್ಥೆಯ ಪ್ರತಿನಿಧಿ ಜನವರಿ 12ರಿಂದ 17ರವರೆಗೆ ಬರುವುದು ಎಂದು ಠರಾವಾಯಿತು. ಬಣ್ಣ ನಿಲ್ಲುತ್ತದೆಯೇ, ತೂಕ ಸರಿ ಇದೆಯೇ ನೋಡಿ, ಮಾದರಿ ಒಪ್ಪಿ ಸಹಿ ಹಾಕುವುದು ಅವರ ಕೆಲಸ. ಆ ಸಹಿ ಇಲ್ಲದೆ ಕಂಟೇನರ್ ಹೊರಡುವಂತಿಲ್ಲ. ನೂಲು ಆಗಲೇ ಸಾಲದ ಮೇಲೆ ಬಂದು ಗೋದಾಮಿನಲ್ಲಿ ಬಿದ್ದಿತ್ತು.

ಕಾಕಾ ಹೇಳಿದ್ದನ್ನು ಹೇಳಿದಂತೆಯೇ ಮೊದಲು ಬರೆದೆ. "ಬರ್ರಿ, ಮನಿಮಂದಿ ಎಲ್ಲಾರ್ನೂ ಕರಕೊಂಡು ಬರ್ರಿ, ನಮ್ಮ ಮನಿಯಾಗ ಇರ್ರಿ, ಸಿದ್ಧರಾಮನ ಜಾತ್ರಿ ಅದ, ನೋಡಿ ಹೋಗ್ರಿ, ನಮ್ಮ ಹುಡುಗರ ಜೋಡಿ ಎರಡು ದಿನ ಕೆಲಸಾ ಮಾಡ್ರಿ." ಕನ್ನಡದಲ್ಲಿ ಇದರಷ್ಟು ಒಳ್ಳೆಯ ಕರೆ ಇನ್ನೊಂದಿಲ್ಲ. ಆದರೆ ವೀಸಾಕ್ಕೆ ಇದರ ಒಂದೊಂದು ಮಾತೂ ತೊಡಕು. ಕಾರಣ ಸರಳ: ಈ ಪತ್ರವನ್ನು ಅತಿಥಿ ಓದುವುದಿಲ್ಲ. ಅವರಿಗೆ ಬರುವುದು ಮೊದಲೇ ಗೊತ್ತು. ಓದುವವರು ಮೂರನೆಯವರು, ವೀಸಾ ಅಧಿಕಾರಿ. ಅವರ ಮುಂದಿನ ಪ್ರಶ್ನೆ ಒಂದೇ: ಈ ವ್ಯಕ್ತಿ ಯಾಕೆ ಬರ್ತಿದ್ದಾರೆ, ಆ ಕಾರಣ ಕೇಳಿದ ವೀಸಾದ ವರ್ಗಕ್ಕೆ ಹೊಂದುತ್ತದೆಯೇ?

ಅದಕ್ಕೇ "ಕೆಲಸ ಮಾಡ್ರಿ" ಅನ್ನುವ ಮಾತು ಎಲ್ಲಕ್ಕಿಂತ ಅಪಾಯದ್ದು. ಭಾರತದ ಬಿಸಿನೆಸ್ ವೀಸಾದಲ್ಲಿ ಸರಕು ಕೊಳ್ಳಲು, ಮಾರಲು, ಮಾತುಕತೆಗೆ, ಗುಣಮಟ್ಟ ಪರೀಕ್ಷಿಸಲು ಬರಬಹುದು. ಇಲ್ಲಿ ದುಡಿಯಲು ಬರುವವರಿಗೆ ಎಂಪ್ಲಾಯ್‌ಮೆಂಟ್ ವೀಸಾ ಬೇಕು. ಕಾಕಾ ಹೇಳಿದ್ದು ಬಣ್ಣದ ವಿಭಾಗದ ಹುಡುಗರ ಜೊತೆ ಕೂತು ಮಾದರಿ ನೋಡಿ ಎಂಬರ್ಥದಲ್ಲಿ. ನಾನು ಅದನ್ನು ಇಂಗ್ಲಿಷಿಗೆ ಹಾಗೇ ಇಳಿಸಿದಾಗ ಅದು ನಮ್ಮ ಡೈಯಿಂಗ್ ವಿಭಾಗದಲ್ಲಿ ಎರಡು ದಿನ ಕೆಲಸ ಮಾಡುವುದು ಎಂದಾಯಿತು. ಪತ್ರ ನೋಡಿದ ಆ ಕಡೆಯ ಸಂಸ್ಥೆಯವರೇ ಹೆದರಿ ವಾಪಸ್ ಕಳಿಸಿದರು, ಪುಣ್ಯಕ್ಕೆ. ಎರಡನೇ ಸಲ ಉದ್ದೇಶವನ್ನು ಹೀಗೆ ಬರೆದೆ (ಕನ್ನಡದಲ್ಲಿ ಓದ್ತೀನಿ): "ನಾವು ರಫ್ತು ಮಾಡಲಿರುವ ಟೆರ್ರಿ ಟವೆಲ್‌ಗಳ ಮಾದರಿ ಹಾಗೂ ಗುಣಮಟ್ಟವನ್ನು ಪರಿಶೀಲಿಸಲು ಮತ್ತು ಮುಂದಿನ ಖರೀದಿ ಆದೇಶದ ಬಗ್ಗೆ ಚರ್ಚಿಸಲು." ಒಂದೇ ವಾಕ್ಯ. "ವ್ಯಾಪಾರ ಸಂಬಂಧ ಬಲಪಡಿಸಲು" ಅಂತ ಬರೆದರೆ ತಪ್ಪಲ್ಲ, ಆದರೆ ಅದರಿಂದ ಓದುವವರಿಗೆ ಏನೂ ತಿಳಿಯುವುದಿಲ್ಲ.

ಮನೆಯವರ ಮಾತನ್ನೂ ತೆಗೆದೆ. ಹೆಂಡತಿ ಬಂದರೆ ಅವರದು ಬೇರೆ ಅರ್ಜಿ, ಬೇರೆ ಕಾರಣ. ಗಂಡನ ವ್ಯಾಪಾರದ ಪತ್ರ ಅವರಿಗೆ ಆಸರೆ ಆಗುವುದಿಲ್ಲ. ಜಾತ್ರೆಯ ಮಾತೂ ಹೋಯಿತು. ಬಿಡುವಿನಲ್ಲಿ ಸಂಜೆ ನಂದಿಧ್ವಜ ನೋಡಲು ಯಾರೂ ಬೇಡ ಅನ್ನುವುದಿಲ್ಲ. ಅದು ಭೇಟಿಯ ಕಾರಣ ಅಲ್ಲ, ಅಷ್ಟೇ. "ಜಾತ್ರಿ ತಗದ್ಯಾ?" ಅಂತ ಕಾಕಾ ಬೇಜಾರು ಮಾಡಿಕೊಂಡರು. ಅದನ್ನೆಲ್ಲ ಬೇರೆ ಮೇಲ್‌ನಲ್ಲಿ ಬರೆದು ಕಳಿಸಿದ ಮೇಲೆ ಸಮಾಧಾನ ಆಯಿತು.

ಉಳಿದ ಪತ್ರ ಹೀಗಿತ್ತು: ಕಾರ್ಖಾನೆಯ ಲೆಟರ್‌ಹೆಡ್, ತಾರೀಖು, ಬಂದವರ ಹೆಸರು, ಹುಟ್ಟಿದ ದಿನ, ರಾಷ್ಟ್ರೀಯತೆ, ಪಾಸ್‌ಪೋರ್ಟ್ ನಂಬರು, ಅವರ ಹುದ್ದೆ ಮತ್ತು ಸಂಸ್ಥೆ, ನಮ್ಮ ಅವರ ವ್ಯವಹಾರ ಯಾವಾಗಿನಿಂದ, ಬರುವ ಹೋಗುವ ದಿನ, ಎಲ್ಲೆಲ್ಲಿ ಇರುತ್ತಾರೆ, ಖರ್ಚು ಯಾರದು. ಇದರಲ್ಲಿ ಎರಡು ಕಡೆ ಎಡವಿದೆವು.

ಹೆಸರು ಮೊದಲನೆಯದು. ಅವರು ಮೇಲ್‌ನಲ್ಲಿ ಸಹಿ ಮಾಡುವುದು ಮೊಟಕು ಹೆಸರಿನಿಂದ. ಪಾಸ್‌ಪೋರ್ಟ್‌ನಲ್ಲಿ ನಡುವಿನ ಹೆಸರೂ ಸೇರಿ ಮೂರು ಪದ. ನಮ್ಮ ಕಡೆ ಮನೆತನದ ಹೆಸರು ಹಿಂದೆ ಮುಂದೆ ಆದರೂ ನಡೆಯುತ್ತದೆ, ಅಲ್ಲಿ ನಡೆಯಲ್ಲ. ಹಾಗಾಗಿ ಪಾಸ್‌ಪೋರ್ಟ್‌ನ ಫೋಟೋ ಇರುವ ಪುಟದ ಪ್ರತಿ ತರಿಸಿ, ಅಕ್ಷರಕ್ಕೆ ಅಕ್ಷರ ನೋಡಿ ಬರೆಯಬೇಕು. ಬಾಯಲ್ಲಿ ಕೇಳಿ ಬರೆಯಬಾರದು.

ಆ ಪ್ರತಿ ತರಿಸಿದಾಗಲೇ ಎರಡನೆಯದು ಗೊತ್ತಾಯಿತು. ಅವರ ಪಾಸ್‌ಪೋರ್ಟ್ ಜೂನ್ 30ಕ್ಕೆ ಮುಗಿಯುತ್ತಿತ್ತು. ಭಾರತಕ್ಕೆ ಬಂದಿಳಿದ ದಿನದಿಂದ ಕನಿಷ್ಠ ಆರು ತಿಂಗಳು ಅವಧಿ ಇರಬೇಕು. ಜನವರಿ 12ರಿಂದ ಎಣಿಸಿದರೆ ಜುಲೈ 12. ಹನ್ನೆರಡು ದಿನ ಕಡಿಮೆ! ಅವರು ಹೊಸ ಪಾಸ್‌ಪೋರ್ಟ್ ಮಾಡಿಸಿದರು. ಹೊಸ ಪಾಸ್‌ಪೋರ್ಟ್ ಅಂದರೆ ಹೊಸ ನಂಬರು, ಅಂದರೆ ನಾವು ಸಹಿ ಮಾಡಿ ಕಳಿಸಿದ ಪತ್ರ ರದ್ದಿ. ಮತ್ತೆ ಬರೆದು, ಮತ್ತೆ ಸಹಿ. ಪತ್ರಕ್ಕೆ ಕೈ ಹಾಕುವ ಮೊದಲೇ ಆ ಪುಟ ತರಿಸಿಕೊಂಡಿದ್ದರೆ ಮೂರು ವಾರ ಉಳಿಯುತ್ತಿತ್ತು.

ಖರ್ಚಿನ ಸಾಲು ಸಣ್ಣದು, ಆದರೆ ಎರಡೂ ಕಡೆಯ ಕಾಗದ ಒಂದೇ ಮಾತು ಹೇಳಬೇಕು. ವಿಮಾನ ಅವರದು, ಇಲ್ಲಿನ ವಸತಿ ಮತ್ತು ಓಡಾಟ ನಮ್ಮದು ಎಂದು ನಾವು ಬರೆದೆವು. ಎಲ್ಲ ಖರ್ಚೂ ತಮ್ಮದೇ ಎಂದು ಅವರ ಸಂಸ್ಥೆಯ ಪತ್ರದಲ್ಲಿತ್ತು. ಇಬ್ಬರೂ ಧಾರಾಳಿಗಳು! ಫೋನ್ ಮಾಡಿ ಒಂದು ಮಾಡಿಕೊಂಡೆವು.

ಜರ್ಮನಿಯವರಿಗೆ ಇ-ವೀಸಾ ಇದೆ, ಹಾಗಾಗಿ ರಾಯಭಾರ ಕಚೇರಿಗೆ ಕಾಗದ ಒಯ್ಯಬೇಕಿಲ್ಲ. ಅರ್ಜಿ indianvisaonline.gov.in/evisa ನಲ್ಲಿ. ಇದೇ ತರಹ ಕಾಣುವ ಖಾಸಗಿ ತಾಣಗಳು ಹೆಚ್ಚು ಹಣ ಕೀಳುತ್ತವೆ, ವಿಳಾಸವನ್ನು ನಾವೇ ಬರೆದು ಕಳಿಸುವುದು ಒಳ್ಳೆಯದು. ಬಂದಿಳಿಯುವುದಕ್ಕೆ ಕನಿಷ್ಠ 4 ದಿನ ಮೊದಲು ಅರ್ಜಿ ಹಾಕಬೇಕು; ಕಟ್ಟಿದ ಶುಲ್ಕ ವಾಪಸ್ ಬರಲ್ಲ. ಬಿಸಿನೆಸ್ ವರ್ಗಕ್ಕೆ ಅವರ ವಿಸಿಟಿಂಗ್ ಕಾರ್ಡಿನ ಪ್ರತಿ ಬೇಕು, ನಮ್ಮ ಸಂಸ್ಥೆಯ ವಿವರವನ್ನೂ ತುಂಬಬೇಕು. ಅಪ್‌ಲೋಡ್ ಮಾಡುವ ಪಿಡಿಎಫ್ 300 ಕೆಬಿ ದಾಟಬಾರದು. ನಾವು ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಕಳಿಸಿದ್ದು ಎರಡು ಎಂಬಿ ಇತ್ತು. ಅವರು ಅದನ್ನು ಕುಗ್ಗಿಸಿದಾಗ ಪಾಸ್‌ಪೋರ್ಟ್ ನಂಬರೇ ಮಸುಕಾಯಿತು. ಕಪ್ಪು ಬಿಳುಪಿನಲ್ಲಿ ನಾವೇ ಸಣ್ಣದು ಮಾಡಿ, ತೆರೆದು ಓದಿ ನೋಡಿ, ಮತ್ತೆ ಕಳಿಸಿದೆವು.

ಪತ್ರದ ಕೊನೆಗೆ ಕಾರ್ಖಾನೆಯ ನಂಬರ್ ಮಾತ್ರ ಇತ್ತು. ಮುಂಬೈಗೆ ಹೊರದೇಶದ ವಿಮಾನ ಬರುವುದು ಹೆಚ್ಚಾಗಿ ನಡುರಾತ್ರಿ. ಇಮಿಗ್ರೇಶನ್‌ನವರು ಕೇಳಿದರೆ ಆಗ ಕಾರ್ಖಾನೆಯಲ್ಲಿ ಫೋನ್ ಎತ್ತುವವರು ಯಾರು? ಸಹಿ ಮಾಡಿದ ಕಾಕಾ ಅವರ ಮೊಬೈಲ್ ನಂಬರ್ ಸೇರಿಸಿದೆ. ಪತ್ರದ ಮುದ್ರಿತ ಪ್ರತಿ ಕೈಚೀಲದಲ್ಲಿರಲಿ, ದೊಡ್ಡ ಪೆಟ್ಟಿಗೆಯಲ್ಲಿ ಹಾಕಬೇಡಿ ಎಂದೂ ತಿಳಿಸಿದೆ.

ಅವರು ಬಂದರು, ಮಾದರಿಗೆ ಸಹಿ ಬಿತ್ತು. ಆದರೆ ಕಾಕಾ ಬಿಡಲಿಲ್ಲ, ಎರಡು ರಾತ್ರಿ ಮನೆಯಲ್ಲೇ ಇರಬೇಕು ಎಂದರು. ಹೋಟೆಲಿನಲ್ಲಿ ಇಳಿದರೆ 24 ಗಂಟೆಯೊಳಗೆ ವಿದೇಶೀಯರ ನೋಂದಣಿ ಕಚೇರಿಗೆ ಆನ್‌ಲೈನಿನಲ್ಲಿ ವಿವರ ಕೊಡುವುದು ಹೋಟೆಲಿನವರ ಹೊಣೆ, ಜನ ಅದನ್ನು ಸಿ ಫಾರ್ಮ್ ಅಂತಾರೆ. ಮನೆಯಲ್ಲಿ ಇಳಿಸಿಕೊಂಡರೆ ಆ ಹೊಣೆ ಮನೆಯವರದು. ಊಟಕ್ಕೆ ಹೋಳಿಗೆ ಬಡಿಸುವಷ್ಟರಲ್ಲಿ ನಾನು ಲ್ಯಾಪ್‌ಟಾಪ್ ತೆಗೆದು ಅವರ ಪಾಸ್‌ಪೋರ್ಟ್ ಮತ್ತೊಮ್ಮೆ ಕೇಳಿದೆ. "ಉಣ್ಣಾಕ ಬಂದವ್ರ ಕಾಗದಾ ಕೇಳ್ತೀಯೇನೋ" ಅಂದರು ಕಾಕಾ. ನಾನು ಹೊಸ ನಂಬರನ್ನು ತುಂಬುತ್ತಿದ್ದೆ.