ಕಾರ್ಡ್ ನಡೆಯಲಿಲ್ಲ: ತಡೆದದ್ದು ಬ್ಯಾಂಕೋ, ಎಕ್ಸ್‌ಚೇಂಜೋ?

ಏಪ್ರಿಲ್ 2ರ ರಾತ್ರಿ ಇಂಗ್ಲೆಂಡಿನ ಲೀಡ್ಸ್‌ನಿಂದ ಅಕ್ಕನ ಮಗ ಫೋನ್ ಮಾಡಿದ. "ಮಾವ, ಖಾತೇಲಿ ದುಡ್ಡಿದೆ, ಕಾರ್ಡೂ ಸರಿಯಾಗಿದೆ. ಈ ವಾರ ಇನ್ನೂ 5,000 ಪೌಂಡ್ ತನಕ ಕೊಳ್ಳಬಹುದು ಅಂತ ಎಕ್ಸ್‌ಚೇಂಜೇ ತೋರಿಸ್ತಿದೆ. ಆದ್ರೆ 600 ಪೌಂಡ್‌ಗೆ ಬಿಟ್‌ಕಾಯಿನ್ ತಗೊಳ್ಳೋಣ ಅಂದ್ರೆ ಎರಡು ಸಲಾನೂ ಆಗಲಿಲ್ಲ. ಬ್ಯಾಂಕ್‌ನವರನ್ನ ಕೇಳಿದ್ರೆ ನಿಮ್ಮ ಕಾರ್ಡಲ್ಲಿ ತೊಂದರೆ ಏನೂ ಇಲ್ಲ ಅಂತಾರೆ. ಎಕ್ಸ್‌ಚೇಂಜ್‌ನವರು ಬ್ಯಾಂಕನ್ನೇ ಕೇಳಿ ಅಂತಾರೆ."

ಬ್ಯಾಂಕೊಂದರ ಕಾರ್ಡ್ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವನು ನಾನು. ಹಾಗಾಗಿ ಅವನನ್ನು ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಬ್ಯಾಂಕಿನ ಆ್ಯಪ್‌ನಲ್ಲಿ ಆ 600 ಪೌಂಡ್‌ನ ಗುರುತು ಏನಾದರೂ ಇದೆಯಾ?"

ಇದನ್ನೇ ಕೇಳುವುದಕ್ಕೆ ಕಾರಣವಿದೆ. ಎಕ್ಸ್‌ಚೇಂಜ್‌ನಲ್ಲಿ ಮೊತ್ತ ಒತ್ತಿದ ಕೂಡಲೇ ಬ್ಯಾಂಕಿಗೆ ಸುದ್ದಿ ಹೋಗುವುದಿಲ್ಲ. ಗ್ರಾಹಕನ ದಾಖಲೆ ಪರಿಶೀಲನೆ ಮುಗಿದಿದೆಯೇ, ವಾರದ ಮಿತಿ ಉಳಿದಿದೆಯೇ, ಕಾರ್ಡಿನ ಹೆಸರೂ ಖಾತೆಯ ಹೆಸರೂ ಒಂದೇ ಏನು ಎಂದು ಎಕ್ಸ್‌ಚೇಂಜ್ ಮೊದಲು ತಾನೇ ನೋಡಿಕೊಳ್ಳುತ್ತದೆ. ಅಲ್ಲೇ ನಿಂತರೆ ಬ್ಯಾಂಕಿನ ಕಡೆ ಏನೂ ಕಾಣುವುದಿಲ್ಲ: ಎಸ್‌ಎಂಎಸ್ ಇಲ್ಲ, ಆ್ಯಪ್‌ನಲ್ಲಿ ಒಪ್ಪಿಗೆ ಕೇಳುವುದಿಲ್ಲ, ತಿರಸ್ಕರಿಸಿದ ದಾಖಲೆಯೂ ಇರುವುದಿಲ್ಲ. ಆ ಪರೀಕ್ಷೆ ದಾಟಿದ ಮೇಲಷ್ಟೇ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜಾಲದ ಮೂಲಕ "ಇಷ್ಟು ಹಣ ಕೊಡಬಹುದೇ" ಎಂಬ ಕೋರಿಕೆ ಬ್ಯಾಂಕನ್ನು ಮುಟ್ಟುತ್ತದೆ.

ಇನ್ನೊಂದು ಬಗೆಯೂ ಉಂಟು. ಬ್ಯಾಂಕ್ ಒಪ್ಪಿ ಹಣ ಹಿಡಿದಿಟ್ಟ ಮೇಲೆ ಎಕ್ಸ್‌ಚೇಂಜ್ ತನ್ನ ಕಾರಣಕ್ಕೆ ವ್ಯವಹಾರ ಕೈಬಿಡಬಹುದು. ಆಗ ಖಾತೆಯಲ್ಲಿ ಆ ಮೊತ್ತ 'ಪೆಂಡಿಂಗ್' ಎಂದು ಕಾಣುತ್ತದೆ, ಕೆಲವು ದಿನಗಳಲ್ಲಿ ತಾನಾಗಿ ಬಿಡುಗಡೆಯಾಗುತ್ತದೆ. ಇಂಥ ಗುರುತು ಕಂಡವರು ಬ್ಯಾಂಕಿನೊಡನೆ ಜಗಳಕ್ಕೆ ಇಳಿಯುವುದರಲ್ಲಿ ಅರ್ಥವಿಲ್ಲ, ಬ್ಯಾಂಕ್ ಆಗಲೇ ಹೂಂ ಅಂದಿದೆ.

ಅಳಿಯನ ಆ್ಯಪ್‌ನಲ್ಲಿ ಪೆಂಡಿಂಗ್ ಏನೂ ಇರಲಿಲ್ಲ. ತಿರಸ್ಕೃತ ಎಂಬ ಸಾಲು ಮಾತ್ರ ಎರಡು ಇತ್ತು. ಅಂದರೆ ಕೋರಿಕೆ ಬ್ಯಾಂಕಿಗೆ ತಲುಪಿದೆ, ಬೇಡ ಎಂದದ್ದು ಬ್ಯಾಂಕೇ.

ಕಾರ್ಡ್ ಕೋರಿಕೆಯಲ್ಲಿ "ಬಿಟ್‌ಕಾಯಿನ್ ಕೊಳ್ಳುತ್ತಿದ್ದಾರೆ" ಎಂದು ಬರೆದಿರುವುದಿಲ್ಲ. ವ್ಯಾಪಾರಿಯ ಹೆಸರಿನ ಜೊತೆ ಅವನ ವ್ಯಾಪಾರದ ಬಗೆ ಹೇಳುವ ನಾಲ್ಕಂಕಿಯ ಸಂಕೇತ ಇರುತ್ತದೆ. ಕ್ರಿಪ್ಟೊ ಎಕ್ಸ್‌ಚೇಂಜ್‌ಗಳು ಸಾಮಾನ್ಯವಾಗಿ 6051ರಲ್ಲಿ ಬರುತ್ತವೆ. ವಿದೇಶಿ ಹಣ, ಮನಿ ಆರ್ಡರ್, ಪ್ರವಾಸಿ ಚೆಕ್ ಮಾರುವವರದ್ದೂ ಅದೇ ಗುಂಪು. ಹಣಕ್ಕೆ ಸಮನಾದ ವಸ್ತುವನ್ನೇ ಕೊಳ್ಳುವ ವ್ಯವಹಾರ ಎಂದು ಬ್ಯಾಂಕ್ ಅದನ್ನು ಓದುತ್ತದೆ. ಕ್ರೆಡಿಟ್ ಕಾರ್ಡ್ ಆದರೆ ಇದನ್ನು ಎಟಿಎಂನಿಂದ ನಗದು ತೆಗೆದಂತೆ ಎಣಿಸಿ, ಶುಲ್ಕದ ಜೊತೆಗೆ ಮೊದಲ ದಿನದಿಂದಲೇ ಬಡ್ಡಿ ಹಾಕುವ ಬ್ಯಾಂಕುಗಳಿವೆ.

ಬ್ರಿಟನ್ನಿನ ಬ್ಯಾಂಕುಗಳು ಈ ಸಂಕೇತವನ್ನೂ ವ್ಯಾಪಾರಿಯ ಹೆಸರನ್ನೂ ನೋಡಿಕೊಂಡು ತಮ್ಮದೇ ನಿಯಮ ಹಾಕಿಕೊಂಡಿವೆ. 2017ರ ಡಿಸೆಂಬರ್‌ನಲ್ಲಿ 20,000 ಡಾಲರ್ ಹತ್ತಿರ ಹೋಗಿದ್ದ ಬಿಟ್‌ಕಾಯಿನ್ ಕುಸಿಯುತ್ತಿದ್ದಾಗ, 2018ರ ಫೆಬ್ರುವರಿಯಲ್ಲಿ ಲಾಯ್ಡ್ಸ್ ಸಮೂಹ ಕ್ರೆಡಿಟ್ ಕಾರ್ಡಿನಿಂದ ಕ್ರಿಪ್ಟೊ ಕೊಳ್ಳುವುದನ್ನು ನಿಲ್ಲಿಸಿತು. ಡೆಬಿಟ್ ಕಾರ್ಡ್ ಮುಟ್ಟಲಿಲ್ಲ. ಸಾಲದ ದುಡ್ಡಿನಲ್ಲಿ ಕೊಂಡು ಬೆಲೆ ಬಿದ್ದರೆ ಆ ಸಾಲ ಬ್ಯಾಂಕಿನ ತಲೆಗೇ ಬರುತ್ತದೆ ಎಂಬ ಭಯ ಆಗಿನದು. ಆಮೇಲೆ ವಂಚನೆಯ ಚಿಂತೆ ದೊಡ್ಡದಾಯಿತು. ಕ್ರಿಪ್ಟೊ ಒಮ್ಮೆ ಬೇರೆ ವಾಲೆಟ್‌ಗೆ ಹೋದರೆ ಬ್ಯಾಂಕ್ ಅದನ್ನು ಹಿಂದಕ್ಕೆ ಎಳೆಯಲಾರದು. 2023ರ ಮಾರ್ಚ್‌ನಲ್ಲಿ ನ್ಯಾಟ್‌ವೆಸ್ಟ್ ದಿನಕ್ಕೆ 1,000 ಪೌಂಡ್, 30 ದಿನಕ್ಕೆ 5,000 ಪೌಂಡ್ ಎಂಬ ಮಿತಿ ಹಾಕಿತು. ಅದೇ ವರ್ಷ ಅಕ್ಟೋಬರ್ 16ರಿಂದ ಚೇಸ್ ತನ್ನ ಬ್ರಿಟನ್ ಗ್ರಾಹಕರಿಗೆ ಕ್ರಿಪ್ಟೊ ಪಾವತಿಯನ್ನು ಪೂರ್ತಿ ಬಂದ್ ಮಾಡಿತು. ಒಂದೇ ಊರು, ಒಂದೇ ಎಕ್ಸ್‌ಚೇಂಜ್. ಆದರೂ ಒಬ್ಬನ ಕಾರ್ಡ್ ನಡೆಯುತ್ತದೆ, ಪಕ್ಕದವನದು ನಡೆಯುವುದಿಲ್ಲ.

ಅಳಿಯನ ಬ್ಯಾಂಕಿನ ನಿಯಮ ತೆಗೆಸಿ ಓದಿಸಿದೆ. ಅಲ್ಲೂ ದಿನಕ್ಕೆ 1,000, 30 ದಿನಕ್ಕೆ 5,000. "ನಾನು ಕೇಳಿದ್ದು 600 ತಾನೇ? ತಿಂಗಳೂ ಹೊಸದು" ಎಂದ. ಅವನು ಎಡವಿದ್ದು ಅಲ್ಲೇ. ಆ 30 ದಿನ ಕ್ಯಾಲೆಂಡರಿನ ತಿಂಗಳಲ್ಲ. ಇವತ್ತಿನಿಂದ ಹಿಂದಕ್ಕೆ ಎಣಿಸಿದ 30 ದಿನ, ಪ್ರತಿದಿನವೂ ಜರುಗುತ್ತಾ ಹೋಗುತ್ತದೆ. ಮಾರ್ಚ್ 6, 12, 19 ಮತ್ತು 26ರಂದು ಅವನು ಸಾವಿರ ಸಾವಿರದಂತೆ ಕೊಂಡಿದ್ದ, 30ರಂದು ಮತ್ತೆ 600. ಒಟ್ಟು 4,600. ಏಪ್ರಿಲ್ 2ರಂದು ಅವನ ಪಾಲಿಗೆ ಉಳಿದಿದ್ದದ್ದು 400 ಪೌಂಡ್ ಮಾತ್ರ. ಮಾರ್ಚ್ 6ರ ಸಾವಿರ ಲೆಕ್ಕದಿಂದ ಜಾರುವುದು ಏಪ್ರಿಲ್ 5ಕ್ಕೆ.

ಎಕ್ಸ್‌ಚೇಂಜ್ ತೋರಿಸಿದ 5,000 ಸುಳ್ಳಲ್ಲ. ಅದು "ನಾವು ಇಷ್ಟರ ತನಕ ಮಾರುತ್ತೇವೆ" ಎಂಬ ಲೆಕ್ಕ, ಅಷ್ಟೇ. ಬ್ಯಾಂಕ್ ಎಷ್ಟು ಬಿಡುತ್ತದೆ ಎಂಬುದು ಎಕ್ಸ್‌ಚೇಂಜ್‌ಗೆ ಗೊತ್ತಿರುವುದಿಲ್ಲ. ಎರಡರಲ್ಲಿ ಯಾವುದು ಕಡಿಮೆಯೋ ಅದೇ ನಡೆಯುವುದು. ಎಕ್ಸ್‌ಚೇಂಜ್‌ಗೆ ಮಿತಿ ಹೆಚ್ಚಿಸಿ ಎಂದು ಅವನು ಪಾಸ್‌ಪೋರ್ಟ್, ಸಂಬಳದ ಚೀಟಿ ಎಲ್ಲ ಕಳಿಸಲು ಹೊರಟಿದ್ದ. ಅದರಿಂದ ಬ್ಯಾಂಕಿನ 400 ಒಂದು ಪೌಂಡೂ ಮೇಲೇಳುತ್ತಿರಲಿಲ್ಲ.

ಹಾಗಾದರೆ ಬ್ಯಾಂಕಿನ ಸಹಾಯವಾಣಿಯವರು ತೊಂದರೆಯೇ ಇಲ್ಲ ಎಂದದ್ದೇಕೆ? ಫೋನ್ ಎತ್ತಿದವರು ಕಾರ್ಡ್ ಚಾಲ್ತಿಯಲ್ಲಿದೆಯೇ, ಹಣ ಇದೆಯೇ ಎಂದಷ್ಟೇ ನೋಡಿರುತ್ತಾರೆ. ಎರಡೂ ಸರಿಯೇ ಇತ್ತು. ಇತ್ತ ಎಕ್ಸ್‌ಚೇಂಜ್ ಕೈಗೆ ಸಿಗುವುದು ಎರಡಂಕಿಯ ಒಂದು ಉತ್ತರ. 57 ಎಂದರೆ ಈ ಬಗೆಯ ವ್ಯವಹಾರಕ್ಕೆ ಈ ಕಾರ್ಡಿಗೆ ಅನುಮತಿ ಇಲ್ಲ. 61 ಎಂದರೆ ಮೊತ್ತದ ಮಿತಿ ಮೀರಿದೆ. 59 ಎಂದರೆ ವಂಚನೆಯ ಶಂಕೆ. ಆದರೆ ಬಹಳ ಸಲ ಬ್ಯಾಂಕ್ ಕಾರಣ ಬಿಟ್ಟುಕೊಡದೆ 05 ಎಂದಷ್ಟೇ ಕಳಿಸುತ್ತದೆ: ಕೊಡುವುದಿಲ್ಲ, ಮುಂದೆ ಮಾತಿಲ್ಲ. ಅದಕ್ಕೇ "ಬ್ಯಾಂಕನ್ನು ಕೇಳಿ" ಎಂಬ ಉತ್ತರ.

ಆದ್ದರಿಂದ ಕೇಳುವ ರೀತಿ ಬದಲಿಸಬೇಕು. "ಕಾರ್ಡ್ ಯಾಕೆ ನಡೆಯಲಿಲ್ಲ" ಎನ್ನುವ ಬದಲು ದಿನ, ಗಂಟೆ, ಮೊತ್ತ, ವ್ಯಾಪಾರಿಯ ಹೆಸರು ಹೇಳಿ, "ಈ ಕೋರಿಕೆಯನ್ನು ತಡೆದದ್ದು ವಂಚನೆ ಪತ್ತೆ ವ್ಯವಸ್ಥೆಯೋ, ಕ್ರಿಪ್ಟೊ ನಿಯಮವೋ" ಎಂದು ಕೇಳಿ. ವಂಚನೆಯ ಶಂಕೆಯಾದರೆ, ಕೊಳ್ಳುತ್ತಿರುವುದು ನಾನೇ ಎಂದು ದೃಢಪಡಿಸಿದ ಮೇಲೆ ಬಿಡುವ ಸಾಧ್ಯತೆ ಇದೆ. ನಿಯಮವಾದರೆ ಸಹಾಯವಾಣಿಯವರು ಅದನ್ನು ಸಡಿಲಿಸಲಾರರು. ಉತ್ತರ ಸಿಗುವ ತನಕ ಮತ್ತೆ ಮತ್ತೆ ಒತ್ತಬೇಡಿ. ಸಾಲು ಸಾಲು ಯತ್ನ ಕದ್ದ ಕಾರ್ಡಿನ ಲಕ್ಷಣದಂತೆ ಕಂಡು, ಇಡೀ ಕಾರ್ಡೇ ಲಾಕ್ ಆಗಿ ತರಕಾರಿ ಅಂಗಡಿಯಲ್ಲೂ ನಡೆಯದೆ ಹೋದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ನಿಯಮ ತಪ್ಪಿಸಲು ಅಡ್ಡದಾರಿ ಹಿಡಿಯುವವರ ಬಗ್ಗೆ ನನಗೆ ನಿಜವಾಗಿ ಆತಂಕ. ಗೆಳೆಯನ ಕಾರ್ಡ್ ಹಾಕಿದರೆ ಹೆಸರು ತಾಳೆಯಾಗದೆ ಎಕ್ಸ್‌ಚೇಂಜ್ ಖಾತೆಯನ್ನೇ ತಡೆಹಿಡಿಯಬಹುದು. ಬ್ಯಾಂಕಿಗೆ ಬೇರೆ ಕಾರಣ ಹೇಳಿ ಹಣ ಕಳಿಸಿದರೆ, ನಾಳೆ ಮೋಸವಾದಾಗ ಆ ಸುಳ್ಳೇ ನಮಗೆ ಎದುರು ಸಾಕ್ಷಿ. "ಬ್ಯಾಂಕಿಗೆ ಹೀಗೆ ಹೇಳು" ಎಂದು ಇನ್ನೊಬ್ಬರು ಹೇಳಿಕೊಡುತ್ತಿದ್ದರಂತೂ ಅವರು ಮೋಸಗಾರರೇ ಎಂದು ತಿಳಿಯಿರಿ.

ನಮ್ಮ ದೇಶದಲ್ಲೂ ಇದೇ ಗೊಂದಲ ಬೇರೆ ರೂಪದಲ್ಲಿ ಬಂದಿತ್ತು. ಕ್ರಿಪ್ಟೊ ವ್ಯವಹಾರಕ್ಕೆ ಸೇವೆ ಕೊಡಬಾರದು ಎಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ್ದ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ರದ್ದು ಮಾಡಿತು. ಆಮೇಲೂ ಕೆಲವು ಬ್ಯಾಂಕುಗಳು ಅದನ್ನೇ ಹೇಳಿ ಗ್ರಾಹಕರನ್ನು ಎಚ್ಚರಿಸುತ್ತಿದ್ದವು. 2021ರ ಮೇ 31ರಂದು ರಿಸರ್ವ್ ಬ್ಯಾಂಕೇ, ಆ ಸುತ್ತೋಲೆಯನ್ನು ಇನ್ನು ಉಲ್ಲೇಖಿಸಬೇಡಿ ಎಂದು ತಿಳಿಸಬೇಕಾಯಿತು. ಆದರೆ ಸುತ್ತೋಲೆ ಹೋದ ಮಾತ್ರಕ್ಕೆ ಪ್ರತಿ ಬ್ಯಾಂಕೂ ಪಾವತಿಯನ್ನು ಬಿಡಲೇಬೇಕೆಂದು ಆಗಲಿಲ್ಲ.

ಅಳಿಯನಿಗೆ ಏಪ್ರಿಲ್ 6ರ ತನಕ ತಡೆಯಲು ಹೇಳಿದೆ, 5ನೇ ತಾರೀಕಿನ ಲೆಕ್ಕವನ್ನು ಬ್ಯಾಂಕ್ ಯಾವ ಗಂಟೆಯಿಂದ ಹಿಡಿಯುತ್ತದೋ ಎಂದು. 6ರ ಬೆಳಿಗ್ಗೆ 600 ಪೌಂಡ್ ಒಂದೇ ಸಲಕ್ಕೆ ಹೋಯಿತು. ಫೋನಿನಲ್ಲೇ ಕೂಡಿಸಿ ಕಳೆದು, "ಹಾಗಾದ್ರೆ ಇನ್ನು ಉಳಿದಿರೋದು 800, ಮುಂದಿನ ಸಾವಿರ ಬಿಡುಗಡೆ ಆಗೋದು 11ಕ್ಕೆ, ಅಲ್ವಾ ಮಾವ?" ಎಂದ.