ಸಂಬಳ ಏರಿಕೆಯ ಪತ್ರದಲ್ಲಿ ತಾರೀಖೂ ಮುಖ್ಯ

ಬಟ್ಟೆ ಅಂಗಡಿಯಲ್ಲಿ ಹದಿನಾಲ್ಕು ವರ್ಷ ದುಡಿದವರೊಬ್ಬರ ಸಂಬಳ 19,500 ರೂಪಾಯಿ ಎಂದುಕೊಳ್ಳಿ. ಮಾಲೀಕರ ಪತ್ರದಲ್ಲಿ "ಸಂಬಳ ಏರಿಸಿದ್ದೇನೆ" ಎಂದಷ್ಟೇ ಇದ್ದರೆ ಸಾಲದು, ಲೆಕ್ಕವೂ ಇರಬೇಕು: "ದಿನಸಿ, ಮನೆಬಾಡಿಗೆ ಏರಿದ್ದಕ್ಕೆ 1,000, ಸ್ಟಾಕಿನ ಹೊಣೆ ನೀವೇ ಹೊತ್ತಿದ್ದಕ್ಕೆ 800. ಒಟ್ಟು 21,300."

ಇಲ್ಲೊಂದು ತೊಡಕಿದೆ. ಸಾಮಾನ್ಯವಾಗಿ ಇಎಸ್‌ಐಗೆ ಸಂಬಳದ ಮಿತಿ 21,000. ಅದರ ವಂತಿಗೆಯ ಅವಧಿಗಳು ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಶುರುವಾಗುತ್ತವೆ. ಏಪ್ರಿಲ್ 1ರಿಂದಲೇ ಏರಿಸಿದರೆ ನೌಕರರು ಆಗಲೇ ವಂತಿಗೆಯಿಂದ ಹೊರಗೆ. ಮೇ 1ರಿಂದ ಏರಿಸಿದರೆ ಸೆಪ್ಟೆಂಬರ್ 30ರವರೆಗೆ ಮುಂದುವರಿಯುತ್ತಾರೆ. ಮನೆಯಲ್ಲಿ ಸಕ್ಕರೆ ಕಾಯಿಲೆಯ ತಾಯಿ ಇದ್ದರೆ ಈ ಒಂದು ತಿಂಗಳು ದೊಡ್ಡದು. ಹಾಗಾಗಿ ಒಳ್ಳೆಯ ಮಾಲೀಕರು ಇದನ್ನೂ ಬರೆಯುತ್ತಾರೆ: "ಅದಕ್ಕೇ ಮೇ 1ರಿಂದ ಏರಿಸಿದ್ದೇನೆ. ಏಪ್ರಿಲ್‌ನ 1,800 ಕಳೆದುಹೋಗದಂತೆ ದೀಪಾವಳಿ ಬೋನಸ್‌ಗೆ ಸೇರಿಸುತ್ತೇನೆ. ಇಎಸ್‌ಐ ನಿಂತ ಮೇಲೆ ಆರೋಗ್ಯ ವಿಮೆಯ ಕಂತು ಅಂಗಡಿಯದೇ."